ಡೆಂಗಿ ಹೋಗಿ ಎರಡು ತಿಂಗಳ ಮೇಲೆ ಕೂದಲು ಉದುರುತ್ತಿದೆ, ರಿಪೋರ್ಟಿನಲ್ಲಿ ಥೈರಾಯ್ಡ್ ಎಂದು ಬಂದಿದೆ. ಏನು ಮಾಡಲಿ?

ಕಾರಟಗಿಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಊರು ಕಾರಟಗಿ. ಗಣೇಶ ಚತುರ್ಥಿಯ ಹೊತ್ತಿಗೆ ಡೆಂಗಿ ಬಂದು ಆಸ್ಪತ್ರೆಯಲ್ಲಿದ್ದೆ. ಪ್ಲೇಟ್‌ಲೆಟ್ ಇಳಿದಿತ್ತು, ಆಮೇಲೆ ಏರಿತು, ಮನೆಗೆ ಬಂದೆ. ಎಲ್ಲ ಸರಿಹೋಯಿತು ಎಂದುಕೊಂಡಿರುವಾಗ ದೀಪಾವಳಿಯಿಂದ ಕೂದಲು ಉದುರಲು ಶುರುವಾಗಿದೆ. ಬಾಚಿದರೆ ಬಾಚಣಿಗೆ ತುಂಬ, ತಲೆಗೆ ನೀರು ಹಾಕಿಕೊಂಡರೆ ಬಚ್ಚಲಿನ ಜಾಲರಿ ತುಂಬ. ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಕೂದಲು ಸಿಗುತ್ತದೆಂದು ತಲೆಗೆ ಬಟ್ಟೆ ಕಟ್ಟಿಕೊಂಡು ಅಡುಗೆ ಮಾಡುತ್ತಿದ್ದೇನೆ. ಜಡೆ ಅರ್ಧಕ್ಕರ್ಧ ತೆಳುವಾಗಿದೆ.

ಔಷಧ ಅಂಗಡಿಯಲ್ಲಿ ಕೂದಲಿನ ಮಾತ್ರೆ ಕೊಟ್ಟರು, ಒಂದು ತಿಂಗಳಿಂದ ನುಂಗುತ್ತಿದ್ದೇನೆ. ಕಡಿಮೆಯಾಗಲಿಲ್ಲ. ಕಳೆದ ವಾರ ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ 0.18 ಬಂದಿದೆ, ಟಿ4 ಸ್ವಲ್ಪ ಜಾಸ್ತಿ ಇದೆ. ತೋರಿಸಿದ ಕಡೆ, ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ, ಬಳ್ಳಾರಿಗೆ ಹೋಗಿ ಸ್ಕ್ಯಾನ್ ಮಾಡಿಸಿ, ಆಮೇಲೆ ಮಾತ್ರೆ ಶುರು ಮಾಡೋಣ ಎಂದಿದ್ದಾರೆ. ಕಬ್ಬಿಣಾಂಶ ಕಡಿಮೆ ಇರಬಹುದೇ ಎಂದು ಕೇಳಿದ್ದಕ್ಕೆ ಆಸ್ಪತ್ರೆಯ ಚೀಟಿ ನೋಡಿ, ಜ್ವರದಲ್ಲಿ ಮಾಡಿಸಿದ ಫೆರಿಟಿನ್ 480 ಇದೆ, ಬೇಕಾದಷ್ಟಿದೆ ಎಂದರು. ಹಿಮೋಗ್ಲೋಬಿನ್ 11.3.

ಇನ್ನೊಂದು ಲ್ಯಾಬಿನವರು ‘ಕೂದಲಿನ ಪ್ಯಾಕೇಜ್’ ಎಂದು ನಾಲ್ಕು ಸಾವಿರಕ್ಕೆ ಇಪ್ಪತ್ತು ಮೂವತ್ತು ಪರೀಕ್ಷೆ ಹೇಳುತ್ತಿದ್ದಾರೆ. ಮಾಡಿಸಬೇಕೇ? ನಮ್ಮ ಮನೆತನದಲ್ಲಿ ಯಾರಿಗೂ ಥೈರಾಯ್ಡ್ ಇಲ್ಲ. ನಿದ್ದೆ ಬರುತ್ತಿಲ್ಲ.

ಸಿಂಧನೂರು ಭತ್ತ

ಅಕ್ಕಾ, ನಿಮ್ಮ ಕಡೆ ಬೋರಿನ ನೀರೇ? ಹಾಗಿದ್ದರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ. ನಮ್ಮ ಭಾಗದ ಬೋರಿನ ನೀರಿನಲ್ಲಿ ಬೇಳೆಯೇ ಬೇಯುವುದಿಲ್ಲ, ಕೂದಲು ಉಳಿಯುತ್ತದೆಯೇ? ನಾನು ಕಾಲುವೆ ನೀರಿಗೆ ಬದಲಾಯಿಸಿದ ಮೇಲೆ ನನ್ನ ಕೂದಲು ನಿಂತಿತು.

ಹೊಸಪೇಟೆ ಹವಾ

ಭೃಂಗರಾಜದ ಎಣ್ಣೆ ಕಾಯಿಸಿ ಹಚ್ಚಿ. ಈರುಳ್ಳಿ ರಸವೂ ಒಳ್ಳೆಯದು.

ರಾಯಚೂರು ಲ್ಯಾಬ್ ಕೆಲಸಗಾರ

ಕಾರಟಗಿಯ ಅಕ್ಕನವರೇ, ಸ್ಕ್ಯಾನಿಗೆ ದುಡ್ಡು ಕಟ್ಟುವ ಮೊದಲು ನಾಲ್ಕು ಮಾತು ಕೇಳುತ್ತೇನೆ. ನಾನು ವೈದ್ಯನಲ್ಲ, ಲ್ಯಾಬಿನಲ್ಲಿ ಬಹಳ ವರ್ಷಗಳಿಂದ ರಕ್ತದ ಯಂತ್ರಗಳ ಜೊತೆ ಇರುವವನು.

ಔಷಧ ಅಂಗಡಿಯವರು ಕೊಟ್ಟ ಮಾತ್ರೆಯ ಹಾಳೆಯ ಹಿಂಬದಿ ನೋಡಿ, ಅದರಲ್ಲಿ ಬಯೋಟಿನ್ ಎಷ್ಟಿದೆ? ರಕ್ತ ಕೊಟ್ಟ ದಿನ ಬೆಳಗ್ಗೆ ಅದನ್ನು ನುಂಗಿದ್ದಿರಾ? ಕೈ ನಡುಗುವುದು, ಎದೆ ಬಡಿತ ಜೋರಾಗುವುದು, ಊಟ ಮಾಡಿದರೂ ತೂಕ ಇಳಿಯುವುದು, ಚಳಿಗಾಲದಲ್ಲೂ ಸೆಖೆಯಾಗುವುದು, ಇವುಗಳಲ್ಲಿ ಯಾವುದಾದರೂ ಇದೆಯೇ? ಮತ್ತೆ, ಉದುರಿದ ಒಂದು ಕೂದಲನ್ನು ಕಪ್ಪು ಬಟ್ಟೆಯ ಮೇಲೆ ಇಟ್ಟು ಬುಡ ನೋಡಿ. ಬಿಳಿಯ ಸಣ್ಣ ಗಂಟು ಕಾಣುತ್ತದೆಯೇ ಅಥವಾ ನಡುವೆ ತುಂಡಾದ ಹಾಗಿದೆಯೇ?

ಕಾರಟಗಿಯ ಗೃಹಿಣಿ

ಈಗಷ್ಟೇ ನೋಡಿದೆ. ಬಯೋಟಿನ್ 10 ಮಿಲಿಗ್ರಾಂ ಎಂದಿದೆ. ದಿನಾ ಬೆಳಗ್ಗೆ ತಿಂಡಿಯಾದ ಮೇಲೆ ನುಂಗುತ್ತೇನೆ, ರಕ್ತ ಕೊಟ್ಟ ದಿನವೂ ನುಂಗಿಯೇ ಹೋಗಿದ್ದೆ. ಕೈ ನಡುಕ ಇಲ್ಲ, ಎದೆ ಬಡಿತ ಇಲ್ಲ. ತೂಕ ಜ್ವರದಲ್ಲಿ ಇಳಿದದ್ದು ವಾಪಸ್ ಬಂದಿದೆ. ಸೆಖೆಯ ಮಾತೇ ಬೇಡ, ಬೆಳಗ್ಗೆ ಹೊದಿಕೆ ಬಿಟ್ಟು ಏಳಲು ಆಗುವುದಿಲ್ಲ.

ಕೂದಲಿನ ಬುಡದಲ್ಲಿ ಗಸಗಸೆಗಿಂತ ಚಿಕ್ಕದಾದ ಬಿಳಿ ಗಂಟು ಇದೆ. ಬುಡವೇ ಕಿತ್ತು ಬರುತ್ತಿದೆ ಎಂದು ಮತ್ತೆ ಹೆದರಿಕೆಯಾಯಿತು.

ರಾಯಚೂರು ಲ್ಯಾಬ್ ಕೆಲಸಗಾರ

ಬುಡ ಕಿತ್ತಿಲ್ಲ, ಹೆದರಬೇಡಿ. ಆ ಬಿಳಿ ಗಂಟು ಇದ್ದರೆ ಕೂದಲು ತನ್ನ ಸರದಿ ಮುಗಿಸಿ ಉದುರಿದೆ ಎಂದರ್ಥ. ಬೇರು ಚರ್ಮದೊಳಗೇ ಇರುತ್ತದೆ, ಅಲ್ಲಿಂದಲೇ ಹೊಸದು ಬರುತ್ತದೆ.

ಈಗ ರಿಪೋರ್ಟಿನ ವಿಷಯ. ನನಗೆ ಮೊದಲಿನಿಂದಲೂ ಅನುಮಾನ ಇದ್ದದ್ದು ಇದೇ. ಟಿಎಸ್‌ಎಚ್ ಅಳೆಯುವ ಬಹಳಷ್ಟು ಯಂತ್ರಗಳು ಬಯೋಟಿನ್ ಅನ್ನೇ ಅಂಟಿನ ಹಾಗೆ ಬಳಸಿ ಹಾರ್ಮೋನನ್ನು ಹಿಡಿದು ಎಣಿಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅಂಟಬೇಕಾದ ಜಾಗವನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ. ಆಗ ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಟಿ4 ಅಳೆಯುವ ವಿಧಾನ ಬೇರೆಯಾದ್ದರಿಂದ ಅದು ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತದೆ. ಎರಡನ್ನೂ ಸೇರಿಸಿ ಓದಿದರೆ ಥೈರಾಯ್ಡ್ ಜಾಸ್ತಿಯಾದ ಚಿತ್ರವೇ ಬರುತ್ತದೆ. ನಿಮ್ಮ ರಿಪೋರ್ಟ್ ಅದೇ ಅಚ್ಚಿನಲ್ಲಿದೆ, ಆದರೆ ನಿಮ್ಮ ಮೈಯಲ್ಲಿ ಆ ಕಾಯಿಲೆಯ ಒಂದು ಲಕ್ಷಣವೂ ಇಲ್ಲ. ನಮ್ಮ ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ ಕೆಲವೇ ಹತ್ತು ಮೈಕ್ರೊಗ್ರಾಂ. 10 ಮಿಲಿಗ್ರಾಂ ಎಂದರೆ ಅದರ ನೂರಾರು ಪಟ್ಟು.

ಎಲ್ಲ ಯಂತ್ರಗಳಿಗೂ ಈ ತೊಂದರೆ ಇಲ್ಲ. ನಿಮ್ಮ ಲ್ಯಾಬಿನದು ಯಾವುದೋ ನನಗೆ ತಿಳಿಯದು. ಹಾಗಾಗಿ ನಿಮಗೆ ಥೈರಾಯ್ಡ್ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಈ ರಿಪೋರ್ಟನ್ನು ನಂಬಿ ಮಾತ್ರೆ ಶುರು ಮಾಡುವ ಹಾಗಿಲ್ಲ, ಅಷ್ಟೇ. ಮಾತ್ರೆಯ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಅದೇ ವೈದ್ಯರ ಬಳಿ ಹೋಗಿ, ರಕ್ತ ಕೊಟ್ಟ ದಿನ ಇದನ್ನು ನುಂಗಿದ್ದೆ ಎಂದು ಹೇಳಿ. ಎರಡು ಮೂರು ದಿನ ಬಿಟ್ಟರೆ ಸಾಮಾನ್ಯವಾಗಿ ಸಾಕು, ನಾನು ಒಂದು ವಾರ ಬಿಡಿ ಎನ್ನುತ್ತೇನೆ. ಆಮೇಲೆ ಟಿಎಸ್‌ಎಚ್ ಮತ್ತೊಮ್ಮೆ ಮಾಡಿಸಿ.

ಗಂಗಾವತಿ ಗಟ್ಟಿಗ

ಲ್ಯಾಬಿನವರು ಇನ್ನೊಂದು ಪರೀಕ್ಷೆ ಮಾಡಿಸಿ ಎನ್ನದೆ ಮತ್ತೇನು ಹೇಳುತ್ತಾರೆ? ನನ್ನ ತಮ್ಮನಿಗೆ ಟೈಫಾಯ್ಡ್ ಆಗಿ ಹೀಗೆಯೇ ಉದುರಿತ್ತು. ಒಂದು ಪೈಸೆಯ ಪರೀಕ್ಷೆ ಮಾಡಿಸಲಿಲ್ಲ, ಆರು ತಿಂಗಳಲ್ಲಿ ತಾನೇ ನಿಂತಿತು. ಜ್ವರ ಬಂದರೆ ಉದುರುತ್ತದೆ, ಆಮೇಲೆ ಬರುತ್ತದೆ. ಇಷ್ಟಕ್ಕೆ ಇಷ್ಟೊಂದು ರಕ್ತ ಯಾಕೆ ತೆಗೆಸಬೇಕು?

ಮಸ್ಕಿ ಸಿಸ್ಟರ್

ಗಟ್ಟಿಗ ಅವರೇ, ನಿಮ್ಮ ತಮ್ಮನ ವಿಷಯದಲ್ಲಿ ನೀವು ಮಾಡಿದ್ದು ಸರಿ. ಚೆನ್ನಾಗಿ ಉಣ್ಣುವ ಗಂಡುಮಗ, ಜ್ವರ ಬಂದದ್ದು ಗೊತ್ತು, ಎರಡು ಮೂರು ತಿಂಗಳಿಗೆ ಉದುರಲು ಶುರುವಾದದ್ದು ಗೊತ್ತು, ತಲೆ ತುಂಬ ಸಮನಾಗಿ ಉದುರಿದೆ. ಅಂಥವರಿಗೆ ಪರೀಕ್ಷೆ ಬೇಕಾಗಿಲ್ಲ. ಆದರೆ ಹೆಣ್ಣುಮಕ್ಕಳ ಲೆಕ್ಕ ಅದಲ್ಲ.

ನಾನು ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ನಿವೃತ್ತಳಾದವಳು. ಜ್ವರ ಜೋರಾಗಿ ಬಂದಾಗ, ಬಾಣಂತನದಲ್ಲಿ, ದೊಡ್ಡ ಶಸ್ತ್ರಚಿಕಿತ್ಸೆಯಾದಾಗ, ಮನೆಯಲ್ಲಿ ಸಾವು ನೋವು ಆದಾಗ ದೇಹವು ಬೆಳೆಯುತ್ತಿದ್ದ ಕೂದಲನ್ನು ಒಟ್ಟಿಗೇ ವಿಶ್ರಾಂತಿಗೆ ಕಳಿಸಿಬಿಡುತ್ತದೆ. ವಿಶ್ರಾಂತಿಗೆ ಹೋದ ಕೂದಲು ಆ ದಿನವೇ ಬೀಳುವುದಿಲ್ಲ, ಎರಡು ಮೂರು ತಿಂಗಳು ತಲೆಯಲ್ಲೇ ಇದ್ದು ಆಮೇಲೆ ಬೀಳುತ್ತದೆ. ಅದಕ್ಕೇ ಜನ ಜ್ವರವನ್ನು ಮರೆತು, ಮೊನ್ನೆ ಬದಲಾಯಿಸಿದ ಸೋಪು, ಎಣ್ಣೆ, ನೀರು ಎಂದು ಹುಡುಕುತ್ತಾರೆ. ಗಣೇಶ ಚತುರ್ಥಿಗೆ ಜ್ವರ, ದೀಪಾವಳಿಗೆ ಉದುರುವಿಕೆ. ತಿಂಗಳ ಲೆಕ್ಕ ಸರಿಯಾಗಿಯೇ ಕೂಡುತ್ತದೆ.

ತಂಗಿ, ನಿನಗೆ ಎರಡು ಮಾತು. ಆ ಫೆರಿಟಿನ್ 480 ಎಂಬುದನ್ನು ಎತ್ತಿ ಪಕ್ಕಕ್ಕಿಡು. ಫೆರಿಟಿನ್ ಎಂದರೆ ಕಬ್ಬಿಣದ ಉಗ್ರಾಣ ನಿಜ, ಆದರೆ ಜ್ವರ ಸೋಂಕು ಇದ್ದಾಗ ಉಗ್ರಾಣದಲ್ಲಿ ಏನೂ ಇಲ್ಲದಿದ್ದರೂ ಅದು ಮೇಲಕ್ಕೆ ಹೋಗುತ್ತದೆ. ಡೆಂಗಿಯಲ್ಲಿ ಸಾವಿರಗಟ್ಟಲೆ ಹೋದದ್ದನ್ನು ನಾನೇ ಕಂಡಿದ್ದೇನೆ. ಜ್ವರದ ಹಾಸಿಗೆಯಲ್ಲಿ ತೆಗೆದ ಫೆರಿಟಿನ್ ನೋಡಿ ಕಬ್ಬಿಣ ಸಾಕಷ್ಟಿದೆ ಎನ್ನುವುದು ತಪ್ಪು. ಎರಡನೆಯದು, ಹಿಮೋಗ್ಲೋಬಿನ್ 11.3. ಗರ್ಭಿಣಿಯಲ್ಲದ ಹೆಂಗಸಿಗೆ 12 ಇರಬೇಕು. ಅದನ್ನು ಯಾರೂ ನಿನಗೆ ಹೇಳಲಿಲ್ಲವೇ? ತಿಂಗಳ ಮುಟ್ಟು ಎಷ್ಟು ದಿನ ಹೋಗುತ್ತದೆ, ಗಡ್ಡೆಗಡ್ಡೆಯಾಗಿ ಹೋಗುತ್ತದೆಯೇ?

ಕಾರಟಗಿಯ ಗೃಹಿಣಿ

ಅಕ್ಕಾ, ಏಳು ದಿನ ಹೋಗುತ್ತದೆ. ಎರಡನೆಯ ಮಗುವಾದ ಮೇಲಿಂದ ಜಾಸ್ತಿಯೇ. ರಾತ್ರಿ ಎದ್ದು ಬಟ್ಟೆ ಬದಲಾಯಿಸಬೇಕಾಗುತ್ತದೆ. ಎಲ್ಲರಿಗೂ ಹೀಗೆಯೇ ಎಂದುಕೊಂಡಿದ್ದೆ. ಕೂದಲು ತೋರಿಸಲು ಹೋದಾಗ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಸ್ಕಿ ಸಿಸ್ಟರ್

ಹಾಗಾದರೆ ನಿನ್ನ ಕಬ್ಬಿಣ ಎಲ್ಲಿಗೆ ಹೋಗುತ್ತಿದೆ ಎಂಬುದು ಮುಕ್ಕಾಲು ತಿಳಿದ ಹಾಗಾಯಿತು. ಟಿಎಸ್‌ಎಚ್ ಜೊತೆಗೆ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ ಒಂದೇ ಸಲ ಮಾಡಿಸು. ಜ್ವರ ಹೋಗಿ ಮೂರು ತಿಂಗಳ ಮೇಲಾಯಿತು, ಈಗಿನ ಫೆರಿಟಿನ್ ನಿಜ ಹೇಳುತ್ತದೆ. ನೆಗಡಿ ಕೆಮ್ಮು ಇರುವ ವಾರದಲ್ಲಿ ಕೊಡಬೇಡ.

ರಾಯಚೂರು ಲ್ಯಾಬ್ ಕೆಲಸಗಾರ

ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಯೋಟಿನ್ ಕೆಲವು ಯಂತ್ರಗಳಲ್ಲಿ ಫೆರಿಟಿನ್ ಅನ್ನೂ ಕಡಿಮೆ ತೋರಿಸಬಹುದು. ಅದಕ್ಕೇ ಮಾತ್ರೆ ಬಿಟ್ಟ ಮೇಲೆ ಎಲ್ಲವನ್ನೂ ಒಟ್ಟಿಗೆ ಕೊಡಿ ಎಂದದ್ದು. ಗಟ್ಟಿಗಣ್ಣ, ಇದು ಮೂರು ಪರೀಕ್ಷೆ. ನಾಲ್ಕು ಸಾವಿರದ ಪ್ಯಾಕೇಜ್ ಮಾಡಿಸಿ ಎಂದು ನಾನು ಎಲ್ಲಿಯೂ ಹೇಳಿಲ್ಲ. ಇಪ್ಪತ್ತು ಮೂವತ್ತು ಪರೀಕ್ಷೆ ಮಾಡಿದರೆ ಗಟ್ಟಿಮುಟ್ಟಾದ ಮನುಷ್ಯನಲ್ಲೂ ಒಂದೆರಡು ಗೆರೆ ದಾಟಿ ಕೆಂಪಕ್ಷರದಲ್ಲಿ ಬರುತ್ತವೆ. ಆಮೇಲೆ ಅದರ ಬೆನ್ನು ಹತ್ತಿ ಇನ್ನಷ್ಟು ಖರ್ಚು.

ತೋರಣಗಲ್ಲು ರಾತ್ರಿಪಾಳಿ

ನನ್ನದೂ ಇದೇ ಸಮಸ್ಯೆ. ನಾನು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ, ಪೂರ್ತಿ ಪಾಳಿ ಹೆಲ್ಮೆಟ್ ಹಾಕಿರಬೇಕು. ತಲೆಯ ಹಿಂದೆ ಎಂಟಾಣೆ ನಾಣ್ಯದಷ್ಟು ಜಾಗ ಬೋಳಾಗಿದೆ, ಈಗ ಗಡ್ಡದಲ್ಲೂ ಒಂದು. ಹುಳ ತಿಂದಿದೆ ಎಂದು ಮನೆಯಲ್ಲಿ ಬೆಳ್ಳುಳ್ಳಿ ಅರೆದು ಹಚ್ಚಿದರು, ಸುಟ್ಟು ಗುಳ್ಳೆ ಎದ್ದಿತು. ನಾನೂ ಫೆರಿಟಿನ್ ಮಾಡಿಸಲೇ? ಹೆಲ್ಮೆಟ್ಟಿನ ಬೆವರಿನಿಂದ ಆಗಿದೆಯೇ?

ಮಸ್ಕಿ ಸಿಸ್ಟರ್

ತಮ್ಮಾ, ನಿನ್ನದು ಬೇರೆ. ಆ ತಂಗಿಯದು ತಲೆ ತುಂಬ ತೆಳುವಾಗುವುದು, ನಿನ್ನದು ದುಂಡಗೆ ಒಂದೇ ಜಾಗದಲ್ಲಿ ಹೋಗುವುದು. ಬೋಳಾದ ಜಾಗ ನುಣ್ಣಗಿದೆಯೇ, ಹೊಟ್ಟು ಕೆಂಪು ಇಲ್ಲವೇ? ಹಾಗಿದ್ದರೆ ಬಹುತೇಕ ಅಲೋಪೇಶಿಯಾ ಏರಿಯೇಟಾ ಇರಬೇಕು. ಹುಳವೂ ಅಲ್ಲ, ಹೆಲ್ಮೆಟ್ಟೂ ಅಲ್ಲ. ನಮ್ಮ ದೇಹದ ಕಾವಲು ಪಡೆಯೇ ಕೂದಲಿನ ಬುಡವನ್ನು ಶತ್ರು ಎಂದು ತಿಳಿದು ಮೇಲೆ ಬೀಳುತ್ತದೆ. ಕಬ್ಬಿಣದ ಮಾತ್ರೆ ನುಂಗಿದರೆ ಅದು ನಿಲ್ಲುವುದಿಲ್ಲ. ಬೆಳ್ಳುಳ್ಳಿ ಇವತ್ತೇ ನಿಲ್ಲಿಸು, ಸುಟ್ಟ ಗಾಯದಲ್ಲಿ ಕಲೆ ನಿಂತರೆ ಬರಬೇಕಾದ ಕೂದಲೂ ಬರುವುದಿಲ್ಲ.

ಒಂದೆರಡು ಸಣ್ಣ ಜಾಗಗಳಾದರೆ ಬಹಳ ಜನರಿಗೆ ವರ್ಷದೊಳಗೆ ತಾನೇ ತುಂಬಿಕೊಳ್ಳುತ್ತದೆ. ಬೇಗ ಬೇಕೆಂದರೆ ಚರ್ಮದ ವೈದ್ಯರು ಆ ಜಾಗಕ್ಕೇ ಸ್ಟೀರಾಯ್ಡ್ ಸೂಜಿ ಹಾಕುತ್ತಾರೆ, ನಾಲ್ಕಾರು ವಾರಕ್ಕೊಮ್ಮೆ. ಗಡ್ಡಕ್ಕೂ ಬಂದಿದೆ ಎನ್ನುತ್ತೀಯ, ತೋರಿಸುವುದು ಒಳ್ಳೆಯದು.

ತೋರಣಗಲ್ಲು ರಾತ್ರಿಪಾಳಿ

ನುಣ್ಣಗಿದೆ ಅಕ್ಕಾ. ಅಂಚಿನಲ್ಲಿ ಚಿಕ್ಕ ಚಿಕ್ಕ ಮೋಟು ಕೂದಲಿವೆ, ಬುಡದಲ್ಲಿ ಸಣ್ಣ, ತುದಿಯಲ್ಲಿ ದಪ್ಪ. ರಾತ್ರಿಪಾಳಿಯ ಒತ್ತಡದಿಂದ ಬರುತ್ತದೆ ಎಂದು ಜೊತೆಯವರು ಹೇಳುತ್ತಾರೆ. ನಿಜವೇ?

ಮಸ್ಕಿ ಸಿಸ್ಟರ್

ಆ ಮೋಟು ಕೂದಲನ್ನು ಹೇಳಿದ್ದು ಒಳ್ಳೆಯದಾಯಿತು, ಅದು ಈ ಕಾಯಿಲೆಯದೇ ಗುರುತು. ಒತ್ತಡದಿಂದ ಶುರುವಾಯಿತು ಎಂದು ಹೇಳುವವರು ಬಹಳ ಇದ್ದಾರೆ, ಇಲ್ಲದೆಯೂ ಬಂದವರು ಅಷ್ಟೇ ಇದ್ದಾರೆ. ಪಾಳಿ ಬಿಟ್ಟರೆ ವಾಸಿಯಾಗುತ್ತದೆ ಎಂದು ನಾನು ಹೇಳಲಾರೆ. ನಿನಗೆ ರಕ್ತಪರೀಕ್ಷೆ ಬೇಕಾದರೆ ಅದು ಥೈರಾಯ್ಡ್ ಒಂದೇ, ಏಕೆಂದರೆ ಇದು ಇರುವವರಲ್ಲಿ ಥೈರಾಯ್ಡ್ ತೊಂದರೆಯೂ ಉಳಿದವರಿಗಿಂತ ಹೆಚ್ಚು ಕಾಣುತ್ತದೆ. ಅದನ್ನೂ ವೈದ್ಯರೇ ನೋಡಿ ಹೇಳಲಿ.

ಸಿಂಧನೂರು ಭತ್ತ

ಇಷ್ಟೆಲ್ಲ ಹೇಳಿದಿರಿ, ನೀರಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ನಮ್ಮ ಕ್ಯಾಂಪಿನಲ್ಲಿ ಮನೆಗೊಬ್ಬರಿಗೆ ಕೂದಲು ಉದುರುತ್ತಿದೆ. ಎಲ್ಲರಿಗೂ ಡೆಂಗಿ ಬಂದಿತ್ತೇ?

ರಾಯಚೂರು ಲ್ಯಾಬ್ ಕೆಲಸಗಾರ

ಅಣ್ಣ, ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ಸೋಪು ನೊರೆ ಬರುವುದಿಲ್ಲ, ಸಿಕ್ಕು ಗಟ್ಟಿಯಾಗುತ್ತದೆ, ಬಾಚಿದಾಗ ತುಂಡಾಗುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ತುಂಡಾದ ಕೂದಲಿಗೆ ಆ ಬಿಳಿ ಗಂಟು ಇರುವುದಿಲ್ಲ, ಉದ್ದವೂ ಒಂದೊಂದು ಒಂದೊಂದು ತರಹ. ಈ ಅಕ್ಕನದು ಬುಡದಿಂದ ಪೂರ್ತಿ ಉದ್ದಕ್ಕೆ ಬರುತ್ತಿದೆ. ನೀರು ಚರ್ಮದೊಳಗಿನ ಬೇರಿನ ತನಕ ಹೋಗಿ ಅದನ್ನು ಕೀಳುವುದಿಲ್ಲ. ನಿಮ್ಮ ಕ್ಯಾಂಪಿನವರೂ ಒಂದೊಂದು ಕೂದಲು ಕಪ್ಪು ಬಟ್ಟೆಯ ಮೇಲಿಟ್ಟು ನೋಡಲಿ, ಆಮೇಲೆ ಮಾತಾಡೋಣ.

ಸಿಂಧನೂರು ಭತ್ತ

ನೋಡುತ್ತೇನೆ. ಆದರೂ ನನಗೆ ಕಾಲುವೆ ನೀರಿನಿಂದಲೇ ಸರಿಹೋದದ್ದು, ಅದನ್ನು ನಾನು ಬಿಟ್ಟುಕೊಡುವುದಿಲ್ಲ.

ಕುಷ್ಟಗಿ ತಾಯಿ

ನನ್ನ ಮಗನಿಗೆ ಆರು ವರ್ಷ. ಅವನಿಗೂ ದುಂಡಗೆ ಎರಡು ಕಡೆ ಹೋಗಿದೆ. ತೋರಣಗಲ್ಲು ಅಣ್ಣನಿಗೆ ಹೇಳಿದ ಹಾಗೆ ತಾನೇ ಬರುತ್ತದೆಂದು ಕಾಯಲೇ? ಅವನದು ನುಣ್ಣಗಿಲ್ಲ, ಮೇಲೆ ಬಿಳಿ ಹೊಟ್ಟು ಇದೆ, ಕೆರೆದುಕೊಳ್ಳುತ್ತಾನೆ. ಕಪ್ಪು ಚುಕ್ಕಿ ಇಟ್ಟ ಹಾಗೆ ತುಂಡು ಕೂದಲು. ಪಕ್ಕದ ಮನೆಯ ಹುಡುಗನಿಗೂ ಹೀಗೆಯೇ ಆಗಿದೆ.

ಮಸ್ಕಿ ಸಿಸ್ಟರ್

ಕಾಯಬೇಡಮ್ಮ. ಹೊಟ್ಟು, ತುರಿಕೆ, ತುಂಡು ಕೂದಲು, ಪಕ್ಕದ ಮನೆಗೂ ಅಂಟಿದೆ ಎಂದರೆ ಅದು ತಲೆಯ ಹುಳುಕಡ್ಡಿ ಇರಬೇಕು, ಶಿಲೀಂಧ್ರದ್ದು. ಮೇಲೆ ಮುಲಾಮು ಹಚ್ಚಿದರೆ ಸಾಲದು, ಏಕೆಂದರೆ ಅದು ಕೂದಲಿನ ಒಳಗೆ ಇಳಿದಿರುತ್ತದೆ. ಕೆಲವು ವಾರ ಬಾಯಿಗೆ ಔಷಧ ಕೊಡಬೇಕು, ಮಗುವಿನ ತೂಕ ನೋಡಿ ವೈದ್ಯರೇ ಕೊಡಬೇಕು. ಅಂಗಡಿಯಲ್ಲಿ ಸ್ಟೀರಾಯ್ಡ್ ಬೆರೆತ ತುರಿಕೆ ಮುಲಾಮು ಕೊಟ್ಟರೆ ತರಬೇಡ. ಎರಡು ದಿನ ತುರಿಕೆ ಇಳಿದಂತೆ ಕಾಣುತ್ತದೆ, ಒಳಗೆ ಹರಡುತ್ತದೆ. ಬಾಚಣಿಗೆ, ಟೋಪಿ, ದಿಂಬು ಬೇರೆ ಇಡು. ಊತ ಬಂದು ಕೀವು ಸೋರಿದರೆ ಅದೇ ದಿನ ಕರೆದುಕೊಂಡು ಹೋಗು.

ಹೊಸಪೇಟೆ ಹವಾ

ಒಬ್ಬರ ಪ್ರಶ್ನೆಗೆ ಮೂರು ಮನೆಯ ಉತ್ತರ ಬಂತು! ನನ್ನದು ಒಂದು ಕೇಳಲೇ? ನಮ್ಮ ಯಜಮಾನರಿಗೆ ಹಣೆ ಮೇಲಕ್ಕೆ ಹೋಗುತ್ತಿದೆ. ಮಾವನವರಿಗೂ ಹಾಗೆಯೇ ಇತ್ತು. ಕಬ್ಬಿಣದ ಮಾತ್ರೆ ಕೊಡಲೇ?

ರಾಯಚೂರು ಲ್ಯಾಬ್ ಕೆಲಸಗಾರ

ಕೊಡಬೇಡಿ. ವಂಶದಿಂದ ಬಂದ ಬೋಳಿಗೆ ಕಬ್ಬಿಣ ಕೆಲಸ ಮಾಡುವುದಿಲ್ಲ. ರಕ್ತಹೀನತೆ ಇಲ್ಲದ ಗಂಡಸರು ಸುಮ್ಮನೆ ಕಬ್ಬಿಣ ನುಂಗಬಾರದು, ಹೆಚ್ಚಾದದ್ದನ್ನು ಹೊರಹಾಕುವ ದಾರಿ ದೇಹಕ್ಕೆ ಇಲ್ಲ. ಗಂಡಸರಿಗೆ ನಿಜವಾಗಿ ಕಬ್ಬಿಣ ಕಡಿಮೆಯಾಗಿದ್ದರೆ ಮೊದಲು ಹೊಟ್ಟೆಯಲ್ಲಿ, ಮೂಲವ್ಯಾಧಿಯಲ್ಲಿ ರಕ್ತ ಹೋಗುತ್ತಿದೆಯೇ ಎಂದು ನೋಡಬೇಕು.

ಕಾರಟಗಿಯ ಗೃಹಿಣಿ

ಎಲ್ಲರಿಗೂ ಮತ್ತೆ ನಮಸ್ಕಾರ. ಎಳ್ಳಮಾವಾಸ್ಯೆ ಮುಗಿಸಿ ಬರೆಯುತ್ತಿದ್ದೇನೆ. ಮಾತ್ರೆಯ ಹಾಳೆ ತೆಗೆದುಕೊಂಡು ಅದೇ ವೈದ್ಯರ ಬಳಿ ಹೋದೆ. ಅವರು ನೋಡಿ, ಇದನ್ನು ನೀವು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಎಂದು ಸ್ಕ್ಯಾನ್ ನಿಲ್ಲಿಸಿ, ಒಂದು ವಾರ ಬಿಟ್ಟು ಮೂರೂ ಪರೀಕ್ಷೆ ಬರೆದರು. ಅದೇ ಲ್ಯಾಬಿನಲ್ಲೇ ಕೊಟ್ಟೆ.

ಟಿಎಸ್‌ಎಚ್ 2.9. ಟಿ4 ಸರಿಯಾಗಿದೆ. ಹಿಮೋಗ್ಲೋಬಿನ್ 11.1. ಫೆರಿಟಿನ್ 8.

480 ಎಲ್ಲಿ, 8 ಎಲ್ಲಿ! ರಿಪೋರ್ಟ್ ಹಿಡಿದುಕೊಂಡು ಅಲ್ಲಿಯೇ ಬೆಂಚಿನ ಮೇಲೆ ಕೂತೆ. ಥೈರಾಯ್ಡ್ ಇಲ್ಲ ಎಂಬ ಸಂತೋಷ ಒಂದು ಕಡೆ, ಎಷ್ಟು ವರ್ಷದಿಂದ ಹೀಗೆ ಸುಸ್ತಾಗಿ ಓಡಾಡಿದೆನೋ ಎಂಬ ಬೇಸರ ಇನ್ನೊಂದು ಕಡೆ. ಮುಟ್ಟಿನ ವಿಷಯವನ್ನೂ ಹೇಳಿದೆ. ಹೆರಿಗೆ ವೈದ್ಯರಿಗೆ ತೋರಿಸಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ನುಂಗಿದರೆ ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಗಾಗಿದೆ. ನಿಲ್ಲಿಸಲೇ?

ಮಸ್ಕಿ ಸಿಸ್ಟರ್

ನಿಲ್ಲಿಸಬೇಡ ತಂಗಿ. ಮಲ ಕಪ್ಪಗಾಗುವುದು ಕಬ್ಬಿಣದಿಂದಲೇ, ಹೆದರುವಂಥದ್ದಲ್ಲ. ಹೊಟ್ಟೆ ತೊಳೆಸಿದರೆ ದಿನ ಬಿಟ್ಟು ದಿನ ನುಂಗಬಹುದೇ ಎಂದು ವೈದ್ಯರನ್ನು ಕೇಳು, ಈಗ ಬಹಳ ವೈದ್ಯರು ಹಾಗೆಯೇ ಬರೆಯುತ್ತಾರೆ, ಒಂದು ದಿನ ಬಿಟ್ಟರೆ ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ.

ನೀನು ಊಟದ ಬೆನ್ನಿಗೇ ಚಹಾ ಕುಡಿಯುತ್ತೀಯಲ್ಲವೇ? ನಮ್ಮ ಕಡೆ ಕುಡಿಯದವರು ಯಾರು? ಅದೇ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುವುದು. ಮಾತ್ರೆಗೂ ಚಹಾಕ್ಕೂ ನಡುವೆ ಎರಡು ತಾಸು ಇರಲಿ, ಹಾಲು ಮತ್ತು ಸುಣ್ಣದ ಮಾತ್ರೆಗೂ ಹಾಗೆಯೇ. ನಿಂಬೆಹಣ್ಣಿನ ನೀರಿನ ಜೊತೆ ನುಂಗು. ಜೋಳದ ರೊಟ್ಟಿಯಲ್ಲಿ ಕಬ್ಬಿಣ ಇದೆ, ಆದರೆ ಅದು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜೊತೆಗೆ ಹುಳಿ ಇದ್ದರೆ ಬಿಡುತ್ತದೆ, ನಿಂಬೆ ಹಿಂಡಿದ ಹಸಿ ಸೊಪ್ಪು ತಿನ್ನು. ಮಾಂಸ ತಿನ್ನುವವರಾದರೆ ವಾರಕ್ಕೆ ಎರಡು ಸಲ ತಿನ್ನಲು ಸಂಕೋಚ ಪಡಬೇಡ. ಊಟದಿಂದಲೇ 8 ಅನ್ನು ಮೇಲಕ್ಕೆ ತರುತ್ತೇನೆ ಎಂದು ಮಾತ್ರ ಹಟ ಹಿಡಿಯಬೇಡ, ಮಾತ್ರೆ ಬೇಕೇ ಬೇಕು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಮೂರು ತಿಂಗಳು ನುಂಗಬೇಕು, ಉಗ್ರಾಣ ತುಂಬುವುದು ಆಮೇಲೆಯೇ.

ಗಂಗಾವತಿ ಗಟ್ಟಿಗ

ಸರಿ, ಈ ಅಕ್ಕನ ವಿಷಯದಲ್ಲಿ ಪರೀಕ್ಷೆ ಬೇಕಾಗಿತ್ತು ಎಂದು ಒಪ್ಪುತ್ತೇನೆ. ಆದರೆ ಒಂದು ಪ್ರಶ್ನೆ. ಡೆಂಗಿ ಬಂದಿತ್ತು, ಅದಕ್ಕೇ ಉದುರಿತು ಎಂದಿರಿ. ಈಗ ಕಬ್ಬಿಣ ಇಲ್ಲ, ಅದಕ್ಕೇ ಉದುರಿತು ಎನ್ನುತ್ತೀರಿ. ಯಾವುದು ನಿಜ?

ರಾಯಚೂರು ಲ್ಯಾಬ್ ಕೆಲಸಗಾರ

ಒಳ್ಳೆಯ ಪ್ರಶ್ನೆ ಅಣ್ಣ. ನನ್ನ ಲೆಕ್ಕದಲ್ಲಿ ಜ್ವರ ಕೂದಲನ್ನು ಉದುರಿಸಿತು, ಕಬ್ಬಿಣ ಇಲ್ಲದ್ದು ವಾಪಸ್ ಬರುವುದನ್ನು ತಡೆಯುತ್ತಿರಬಹುದು. ಬರೀ ಜ್ವರದ್ದಾದರೆ ಮೂರರಿಂದ ಆರು ತಿಂಗಳಲ್ಲಿ ಉದುರುವುದು ಇಳಿಯುತ್ತದೆ. ಅದನ್ನು ದಾಟಿಯೂ ನಡೆದರೆ ಬೇರೆ ಏನೋ ಇದೆ ಎಂದು ಹುಡುಕಬೇಕು. ಈ ಅಕ್ಕನಿಗೆ ಎರಡರ ಪಾಲು ಎಷ್ಟೆಷ್ಟು ಎಂದು ಬಿಡಿಸಿ ಹೇಳುವ ಪರೀಕ್ಷೆ ಯಾವುದೂ ಇಲ್ಲ. 8 ಇರುವಾಗ ಅದನ್ನು ಸರಿಮಾಡಲೇಬೇಕು, ಕೂದಲಿಗಾಗಿ ಅಲ್ಲದಿದ್ದರೂ ರಕ್ತಕ್ಕಾಗಿ.

ಬಳ್ಳಾರಿ ಬೆಳಗು

ನನ್ನ ಫೆರಿಟಿನ್ 38. ಲ್ಯಾಬ್ ಚೀಟಿಯಲ್ಲಿ ಸರಿಯಾಗಿದೆ ಎಂದೇ ಇದೆ. ಆದರೆ ಚರ್ಮದ ವೈದ್ಯರು ಕೂದಲಿಗೆ 70 ಬೇಕು ಎಂದು ಆರು ತಿಂಗಳಿಂದ ಕಬ್ಬಿಣ ಕೊಡುತ್ತಿದ್ದಾರೆ. ಉದುರುವುದು ಹಾಗೆಯೇ ಇದೆ. ಬೈತಲೆ ಅಗಲವಾಗುತ್ತಿದೆ.

ಮಸ್ಕಿ ಸಿಸ್ಟರ್

ಈ 70ರ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತ ಇಲ್ಲಮ್ಮ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ 15ರ ಕೆಳಗೆ ಇದ್ದರೆ ಕೊರತೆ ಎನ್ನುತ್ತದೆ. ಬಹಳ ವೈದ್ಯರು 30ರ ಕೆಳಗೆ ಇದ್ದರೆ ಕೊರತೆ ಎಂದೇ ಹಿಡಿದು ಔಷಧ ಕೊಡುತ್ತಾರೆ. ಕೂದಲಿನವರು 40, 70 ಎಂದು ಮೇಲೆ ಹೋಗುತ್ತಾರೆ, ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ನಿನಗೆ ಬೈತಲೆ ಅಗಲವಾಗುತ್ತಿದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಅದು ಹೆಂಗಸರಿಗೆ ವಂಶದಿಂದ ಬರುವ ತೆಳುವಾಗುವಿಕೆ ಇರಬಹುದು, ಅದರ ಚಿಕಿತ್ಸೆಯೇ ಬೇರೆ. ಮುಟ್ಟು ಏರುಪೇರಾಗಿದೆಯೇ, ಗಲ್ಲದ ಮೇಲೆ ಕೂದಲು ಬರುತ್ತಿದೆಯೇ ಎಂಬುದನ್ನೂ ವೈದ್ಯರಿಗೆ ಹೇಳು.

ರಾಯಚೂರು ಲ್ಯಾಬ್ ಕೆಲಸಗಾರ

ಇಲ್ಲಿ ಸಿಸ್ಟರ್ ಮಾತಿಗೆ ನನ್ನದು ಸ್ವಲ್ಪ ಭಿನ್ನ. 38 ಇದ್ದವರಿಗೂ ಕಬ್ಬಿಣ ಕೊಟ್ಟಾಗ ಸುಧಾರಿಸಿದ್ದನ್ನು ನಮ್ಮ ಲ್ಯಾಬಿಗೆ ಬರುವ ವೈದ್ಯರು ಹೇಳುತ್ತಾರೆ. ಆದರೆ ಆರು ತಿಂಗಳು ಕೊಟ್ಟೂ ಬದಲಾಗದಿದ್ದರೆ ಮತ್ತೆ ಮಾಡಿಸಿ ನೋಡಬೇಕು. ಫೆರಿಟಿನ್ ಏರಿದೆ, ಕೂದಲು ನಿಂತಿಲ್ಲ ಎಂದಾದರೆ ಕಬ್ಬಿಣ ಕಾರಣವಲ್ಲ ಎಂದು ಅಲ್ಲಿಗೆ ಬಿಡಬೇಕು.

ಹೊಸಪೇಟೆ ಹವಾ

ಕಾರಟಗಿ ಅಕ್ಕಾ, ಹುಲಿಗೆಮ್ಮನಿಗೆ ಮುಡಿ ಕೊಟ್ಟರೆ ದಟ್ಟವಾಗಿ ಬರುತ್ತದೆ ಎನ್ನುತ್ತಾರಲ್ಲ, ಅದನ್ನೂ ಯೋಚಿಸಿ.

ಮಸ್ಕಿ ಸಿಸ್ಟರ್

ಹರಕೆ ಇದ್ದರೆ ಕೊಡಲಿ, ನಾನು ಬೇಡ ಎನ್ನುವುದಿಲ್ಲ. ಆದರೆ ಬೋಳಿಸಿದರೆ ದಟ್ಟವಾಗುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಹಾಗೆ ಅನಿಸುತ್ತದೆ, ಬೇರಿಗೆ ಕತ್ತಿ ತಾಗುವುದಿಲ್ಲ.

ತೋರಣಗಲ್ಲು ರಾತ್ರಿಪಾಳಿ

ನಾನು ಚರ್ಮದ ವೈದ್ಯರಿಗೆ ತೋರಿಸಿದೆ. ಸಿಸ್ಟರ್ ಹೇಳಿದ್ದೇ ಕಾಯಿಲೆ. ಒಂದು ಸುತ್ತು ಸೂಜಿ ಹಾಕಿದ್ದಾರೆ, ಟಿಎಸ್‌ಎಚ್ ಸರಿಯಾಗಿದೆ. ತಲೆಯ ಹಿಂದಿನದರಲ್ಲಿ ಬಿಳಿ ನವಿರು ಬಂದಿದೆ. ಗಡ್ಡದ್ದು ಹಾಗೆಯೇ ಇದೆ, ಮೇಲಾಗಿ ಹುಬ್ಬಿನಲ್ಲಿ ಸಣ್ಣದೊಂದು ಹೊಸದು. ಬಿಳಿ ಕೂದಲು ಬಿಳಿಯಾಗಿಯೇ ಉಳಿಯುತ್ತದೆಯೇ?

ಮಸ್ಕಿ ಸಿಸ್ಟರ್

ಮೊದಲು ಬಿಳಿಯಾಗಿ ಬಂದು ಆಮೇಲೆ ಕಪ್ಪಾಗುವುದು ಮಾಮೂಲು. ಹುಬ್ಬಿನದನ್ನು ಮುಂದಿನ ಸೂಜಿಗೆ ಕಾಯದೆ ಹೋಗಿ ತೋರಿಸು. ಹೊಸ ಜಾಗಗಳು ಬೇಗ ಬೇಗ ಏಳುತ್ತಿದ್ದರೆ ಅವರು ಔಷಧದ ದಾರಿಯನ್ನೇ ಬದಲಾಯಿಸಬೇಕಾಗಬಹುದು.

ಕಾರಟಗಿಯ ಗೃಹಿಣಿ

ಹೊಟ್ಟೆಯ ಸ್ಕ್ಯಾನಿನಲ್ಲಿ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದು ಬಂದಿದೆ, ರಕ್ತ ಹೋಗುವುದು ಅದರಿಂದಲೇ ಇರಬೇಕು ಎಂದರು. ಸದ್ಯಕ್ಕೆ ಔಷಧ ಕೊಟ್ಟಿದ್ದಾರೆ. ಕೂದಲು ಮೊದಲಿನಷ್ಟು ಉದುರುತ್ತಿಲ್ಲ. ಹಣೆಯ ಅಂಚಿನಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಹೊಸ ಕೂದಲು ನೆಟ್ಟಗೆ ನಿಂತಿವೆ, ಎಣ್ಣೆ ಹಚ್ಚಿದರೂ ಮಲಗುವುದಿಲ್ಲ. ಸಿಸ್ಟರ್ ಅಕ್ಕಾ, ಇನ್ನು ಜಡೆ ಮೊದಲಿನ ಹಾಗೆ ಆಗಲು ಎಷ್ಟು ದಿನ?

ಮಸ್ಕಿ ಸಿಸ್ಟರ್

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ನಿನ್ನ ಜಡೆ ಸೊಂಟದ ತನಕ ಇತ್ತು ಎಂದರೆ ಆ ಹೊಸ ಕೂದಲು ಅಲ್ಲಿಗೆ ಬರಲು ವರ್ಷಗಳೇ ಬೇಕು. ಆರು ತಿಂಗಳಿಂದ ವರ್ಷದೊಳಗೆ ತಲೆ ತುಂಬಿದ ಹಾಗೆ ಕಾಣುತ್ತದೆ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ ಮತ್ತು ಫೆರಿಟಿನ್ ಮತ್ತೆ ಮಾಡಿಸು. ಆ ಗಡ್ಡೆಯನ್ನು ಮಾತ್ರ ಮುಂದಕ್ಕೆ ಹಾಕಬೇಡ, ರಕ್ತ ಹೋಗುತ್ತಲೇ ಇದ್ದರೆ ಎಷ್ಟು ಮಾತ್ರೆ ನುಂಗಿದರೂ 8ರ ಹತ್ತಿರಕ್ಕೇ ಮತ್ತೆ ಬಂದು ನಿಲ್ಲುತ್ತದೆ.